60+ ಅಂದ್ರೆ ಒಬ್ಬ ಗಿರಾಕಿ ಅಲ್ಲ ಕಣ್ರೋ

1/6
ಫೋಟೋದಲ್ಲಿರೋದು ನಮ್ಮದೇ ಟೀಮಿನ ಪೋಸ್ಟರ್. ಬಿಳಿ ಕೂದಲಿನ ಗಂಡ ಹೆಂಡತಿ, ಹಲ್ಲೆಲ್ಲಾ ಫಳಫಳ, ಕೆಳಗೆ ದಪ್ಪ ಅಕ್ಷರದಲ್ಲಿ "ಹಿರಿಯರ ಬುಧವಾರ: 60 ದಾಟಿದವರಿಗೆ 10% ರಿಯಾಯಿತಿ". ಮಾರ್ಕೆಟಿಂಗ್ ಪ್ರಾಜೆಕ್ಟಿಗೆ ಅಂತ ಮಾಡಿದ್ವಿ. ಹಾಸನದ ಒಂದು ದಿನಸಿ ಅಂಗಡಿಯವರು ಪಾಪ ಒಪ್ಪಿಕೊಂಡು ನಾಲ್ಕು ಬುಧವಾರ ನಡೆಸಿದ್ರು. ₹1,000 ಮೇಲಿನ ಬಿಲ್ಲಿಗೆ ಮಾತ್ರ ರಿಯಾಯಿತಿ. ಬಾಗಿಲ ಹತ್ರ ಒಂದು "ಸೀನಿಯರ್ ಕಾರ್ನರ್" ಬೇರೆ: ಓಟ್ಸ್, ಸಕ್ಕರೆ ಹಾಕದ ಬಿಸ್ಕೆಟ್, ಪ್ರೋಟೀನ್ ಪುಡಿ, ಮಂಡಿಗೆ ಹಾಕೋ ಪಟ್ಟಿ.

ನಮಗೆ ಒಳ್ಳೆ ಮಾರ್ಕ್ಸ್ ಬಂತು. ಅಂಗಡಿಗೆ ಲಾಭ ಕಮ್ಮಿ ಆಯ್ತು. ನಮ್ಮನೇಲಿ ಅಜ್ಜಿ ಡಾಕ್ಟರ ಹತ್ರ ಬೈಸಿಕೊಂಡ್ರು. ಈ ಮೂರಕ್ಕೂ ಕಾರಣ ಒಂದೇ, ಪೋಸ್ಟರ್ ಮೇಲಿನ ಆ "60+" ಅನ್ನೋ ಅಂಕಿ. ಬೇರೆ ಯಾರ ಮೇಲೂ ಹಾಕಕ್ಕಾಗಲ್ಲ, ಆ ಅಂಕಿ ಬರೆದದ್ದು ನಾನೇ.

2/6
ನಮ್ಮ ನೋಟ್ಸಲ್ಲಿರೋ ಸೆಗ್ಮೆಂಟೇಷನ್ ಟೇಬಲ್ ಒಂದ್ಸಲ ತೆಗೆದು ನೋಡಿ. 18ರಿಂದ 24 ಒಂದು ಗುಂಪು. 25ರಿಂದ 34 ಇನ್ನೊಂದು. ಹೀಗೇ ಬಂದು ಕೊನೇಲಿ "60 ಮತ್ತು ಮೇಲ್ಪಟ್ಟು" ಅಂತ ಬಾಗಿಲು ಹಾಕಿಬಿಟ್ಟಿದ್ದಾರೆ. ನಮ್ಮ ಗುಂಪಿನ ಅಗಲ ಏಳು ವರ್ಷ. ಅವರದ್ದು 35 ವರ್ಷ, ಕೆಲವು ಮನೆಗಳಲ್ಲಿ ಇನ್ನೂ ಜಾಸ್ತಿ. ನಮ್ಮ ಬೀದೀಲೇ 84ರ ಒಬ್ಬ ಅಜ್ಜಿ, ಅವರನ್ನ ನೋಡ್ಕೊಳ್ಳೋ 62ರ ಮಗಳು ಇದ್ದಾರೆ. ತಾಯಿ ಮಗಳು ಇಬ್ಬರೂ ಒಂದೇ ಖಾನೇಲಿ! ನಮ್ಮನ್ನೂ ನಮ್ಮ ಅಮ್ಮಂದಿರನ್ನೂ ಒಂದೇ ಗುಂಪಿಗೆ ಹಾಕಿ ಒಂದೇ ಜಾಹೀರಾತು ತೋರಿಸಿದ್ರೆ ನಾವು ಸುಮ್ನಿರ್ತೀವಾ?

ಅಗಲ ಒಂದೇ ತೊಂದರೆ ಅಲ್ಲ. ಖಾನೆಯನ್ನ 60-64, 65-69 ಅಂತ ಸಣ್ಣದಾಗಿ ಕತ್ತರಿಸಿದ್ರೂ ಒಳಗಿನ ವ್ಯತ್ಯಾಸ ಹೋಗಲ್ಲ. ನಮ್ಮ ಕ್ಲಾಸ್ ಗ್ರೂಪ್ ಫೋಟೋ ನೆನಪು ಮಾಡ್ಕೊಳ್ಳಿ. ಇವತ್ತು ಎಲ್ಲರ ಜೇಬಲ್ಲೂ ಹೆಚ್ಚುಕಮ್ಮಿ ಅಷ್ಟೇ ದುಡ್ಡು, ಎಲ್ಲರ ಮಂಡಿಯೂ ಗಟ್ಟಿ. ಇನ್ನು 47 ವರ್ಷ ಬಿಟ್ಟು ಅದೇ ಜನ ನಿಂತ್ರೆ? ಒಬ್ಬನಿಗೆ ಪೆನ್ಷನ್, ಒಬ್ಬಳಿಗೆ ಅಂಗಡಿ ಸಾಲ, ಒಬ್ಬನಿಗೆ ಹೃದಯದಲ್ಲಿ ಸ್ಟೆಂಟ್, ಇನ್ನೊಬ್ಬಳು ಟ್ರೆಕ್ಕಿಂಗ್. ವರ್ಷ ಕಳೆದ ಹಾಗೆ ಸಂಬಳ, ಉಳಿತಾಯ, ಕಾಯಿಲೆ, ಮಾಡಿದ ಕೆಲಸದ ಪೆಟ್ಟು ಎಲ್ಲಾ ಚಕ್ರಬಡ್ಡಿ ಥರ ಸೇರ್ತಾ ಹೋಗುತ್ತೆ. ಹಾಗಾಗಿ ವಯಸ್ಸು ನೋಡಿ ಮನುಷ್ಯನನ್ನ ಊಹಿಸೋದು 20ರಲ್ಲಿ ಸ್ವಲ್ಪ ನಡೆಯುತ್ತೆ. 67ರಲ್ಲಿ ನಡೆಯಲ್ಲ. ನಮ್ಮ ಟೇಬಲ್ ಇದಕ್ಕೆ ತದ್ವಿರುದ್ಧ: ಊಹೆ ನಡೆಯೋ ಕಡೆ ಚಿಕ್ಕ ಚಿಕ್ಕ ಖಾನೆ, ನಡೆಯದ ಕಡೆ ಒಂದೇ ದೊಡ್ಡ ಮೂಟೆ.

3/6
ಈಗ ನಾಲ್ಕು ಜನರನ್ನ ಪರಿಚಯ ಮಾಡಿಸ್ತೀನಿ. ಎಲ್ಲರಿಗೂ 66ರಿಂದ 68. (ಹೆಸರೂ ಮುಖವೂ ಹಾಕಿಲ್ಲ. ಫೋಟೋದಲ್ಲಿ ಬರೀ ಕೈಗಳು.)

ಮೊದಲನೆಯ ಕೈ ನಮ್ಮ ಬೀದಿ ಮೇಷ್ಟ್ರದ್ದು. ಹೈಸ್ಕೂಲಿಂದ ರಿಟೈರ್ ಆದವರು. ತಿಂಗಳಿಗೆ ಸರಿಯಾಗಿ ಪೆನ್ಷನ್, ಮೇಲೆ ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿಂದ ಮೂರು ತಿಂಗಳಿಗೊಮ್ಮೆ ಬಡ್ಡಿ. ಬೆಳಗ್ಗೆ ಐದೂವರೆಗೆ ಶೂ ಕಟ್ಟಿ ಹೊರಟ್ರೆ ನಾನು ಅವರ ಹಿಂದೆ ಓಡಬೇಕು. ಸೀನಿಯರ್ ಕಾರ್ನರ್ ಕಡೆ ತಿರುಗಿಯೂ ನೋಡಲಿಲ್ಲ. "ಅದು ವಯಸ್ಸಾದವರಿಗಲ್ವೇನಮ್ಮಾ" ಅಂದ್ರು. ತಮಾಷೆಗಲ್ಲ, ನಿಜವಾಗ್ಲೂ. ಆದ್ರೆ 10% ಮಾತ್ರ ನಾಲ್ಕೂ ವಾರ ಬಿಡದೆ ತಗೊಂಡ್ರು.

ಎರಡನೆಯದು ಅಮ್ಮನ ಅಪ್ಪ, ನಮ್ಮ ತಾತ. ಅರಸೀಕೆರೆ ಹತ್ರ ತೆಂಗಿನ ತೋಟ. ಉಂಡೆ ಕೊಬ್ಬರಿ ಆಗಬೇಕಾದ್ರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಕೂರಬೇಕು. ಅದನ್ನ ಸುಲಿದು, ಒಡೆದು, ತಿಪಟೂರಿಗೆ ಸಾಗಿಸಿದ ಮೇಲೆ ದುಡ್ಡು. ಅಂದ್ರೆ ತಾತನ ಕೈಗೆ ವರ್ಷದಲ್ಲಿ ಒಂದೆರಡು ಸಲ ದೊಡ್ಡ ಮೊತ್ತ ಬರುತ್ತೆ, ಮಿಕ್ಕ ತಿಂಗಳು ಅಂಗಡಿ ಲೆಕ್ಕದ ಪುಸ್ತಕ. ಕೊಬ್ಬರಿ ಮಾರಿದ ವಾರ ಎಣ್ಣೆ ಡಬ್ಬ, ಬೇಳೆ ಮೂಟೆ ಎಲ್ಲಾ ಒಟ್ಟಿಗೆ ತರ್ತಾರೆ. ಆ ವಾರ ಬುಧವಾರ ಇತ್ತೋ ಇಲ್ವೋ ಅವರಿಗೆ ಗೊತ್ತೂ ಇಲ್ಲ.

ಮೂರನೆಯದು ಬಸ್‌ಸ್ಟ್ಯಾಂಡ್ ಪಕ್ಕ ಹೂ ಕಟ್ಟೋ ಅಮ್ಮನದ್ದು. ಸಂಧ್ಯಾ ಸುರಕ್ಷಾದಿಂದ ತಿಂಗಳಿಗೆ ₹1,200 ಬರುತ್ತೆ, ಉಳಿದದ್ದು ಆ ದಿನದ ವ್ಯಾಪಾರ. ಸಂಜೆ ಹೂ ಮಾರಿ ಮುಗಿದ ಮೇಲೆ ಕೈಲಿರೋ ದುಡ್ಡಿಗೆ ಅರ್ಧ ಕೆಜಿ ಅಕ್ಕಿ, ₹10ರ ಎಣ್ಣೆ ಪ್ಯಾಕೆಟ್, ಬಿಪಿ ಮಾತ್ರೆ ಐದು. ಸ್ಟ್ರಿಪ್ ಅಲ್ಲ, ಐದು. ನಾವು ₹1,000 ಬಿಲ್ ಅಂತ ಗೆರೆ ಎಳೆದ್ವಲ್ಲ, ಅದು ಇವರ ಇಡೀ ತಿಂಗಳ ಪೆನ್ಷನ್‌ಗೆ ಹತ್ರ ಹತ್ರ. ರಿಯಾಯಿತಿ ನಿಜವಾಗ್ಲೂ ಬೇಕಾಗಿದ್ದ ಒಬ್ಬರನ್ನ ನಾವೇ ಬಾಗಿಲಿಂದಾಚೆ ನಿಲ್ಲಿಸಿದ್ವಿ.

ನಾಲ್ಕನೆಯ ಕೈಯಲ್ಲಿ ಬೆರಳ ಗಂಟು ಊದಿದೆ ನೋಡಿ, ಅದು ನಮ್ಮ ಅಜ್ಜಿ. ಹತ್ತು ವರ್ಷದಿಂದ ಶುಗರ್. ಮನೆ ಮೆಟ್ಟಿಲು ಇಳಿಯೋದೇ ಕಷ್ಟ, ಅಂಗಡಿಗೆ ಹೋಗೋದು ಅಮ್ಮ. ಗಿರಾಕಿ ಬೇರೆ, ತಿನ್ನೋರು ಬೇರೆ. ಇದನ್ನ ನಮ್ಮ ಟೇಬಲ್ ಎಲ್ಲೂ ಕೇಳಲ್ಲ. ಬಿಸ್ಕೆಟ್ ತಂದ್ರೆ ಹಲ್ಲಿನ ಸೆಟ್ಟಿಗೆ ಗಟ್ಟಿ ಅಂತ ಅಜ್ಜಿ ಕಾಫೀಲಿ ಅದ್ದಿ ಅರ್ಧಕ್ಕೇ ಬಿಟ್ರು. ಮುದ್ದೆ ಆದ್ರೆ ನುಂಗಿದ್ರೆ ಆಯ್ತು, ಹಲ್ಲಿನ ಹಂಗಿಲ್ಲ. ಪ್ರೋಟೀನ್ ಪುಡಿ ಡಬ್ಬದ ಮುಚ್ಚಳ ಆ ಬೆರಳಲ್ಲಿ ತಿರುಗಲ್ಲ, ದಿನಾ ನಾನೇ ತೆಗೆದು ಕೊಡ್ತಿದ್ದೆ.

ಆ ಪುಡಿ ವಿಷ್ಯಕ್ಕೆ ಬರ್ತೀನಿ. ಅಮ್ಮ ಅದನ್ನ ತಂದದ್ದು ನನ್ನ ಪೋಸ್ಟರ್ ನಂಬಿ: 60 ದಾಟಿದವರಿಗೆ ಒಳ್ಳೇದು ಅಂತ ನಾನೇ ಬರೆದಿದ್ದೆ. ಎರಡು ವಾರ ಅಜ್ಜಿ ಹಾಲಿಗೆ ಹಾಕಿ ಕುಡಿದ್ರು. ಆಮೇಲೆ ಮಾಮೂಲಿ ಚೆಕಪ್‌ಗೆ ಹೋದಾಗ ಡಾಕ್ಟರು ಕೇಳಿ ತಲೆ ಚಚ್ಚಿಕೊಂಡ್ರು. ಶುಗರ್‌ನಿಂದ ಅಜ್ಜಿ ಕಿಡ್ನಿ ಸ್ವಲ್ಪ ಸೋತಿದೆ, ಪ್ರೋಟೀನ್ ಅಳತೆ ಮೀರಬಾರದು ಅಂತ ಮೊದಲೇ ಹೇಳಿದ್ರಂತೆ. ಅದೇ ಪುಡಿ ಊಟ ಸೇರದೆ ಸೊರಗಿರೋ ಇನ್ನೊಬ್ಬ 67ರವರಿಗೆ ಡಾಕ್ಟರೇ ಬರೆದುಕೊಡಬಹುದು. ವಯಸ್ಸು ಒಂದೇ, ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ. ಅಜ್ಜಿಗೆ ಏನೂ ಆಗಲಿಲ್ಲ, ಸದ್ಯ. ಆದ್ರೆ ಆ ರಾತ್ರಿ ನಾನು ಊಟ ಮಾಡಲಿಲ್ಲ.

4/6
ಲಾಭ ಯಾಕೆ ಕಮ್ಮಿ ಆಯ್ತು? ಕಾಸ್ಟ್ ಅಕೌಂಟಿಂಗ್ ಓದಿದವರು ಜೊತೆಗೇ ಲೆಕ್ಕ ಹಾಕಿ. ಲೆಕ್ಕಕ್ಕೆ ಅಂತ ₹100 ಬೆಲೆಯ ಸಾಮಾನು ಅಂಗಡಿಗೆ ₹85ಕ್ಕೆ ಬೀಳುತ್ತೆ ಅಂದುಕೊಳ್ಳಿ. ₹15 ಉಳಿಯುತ್ತೆ. 10% ಬಿಟ್ಟುಕೊಟ್ರೆ ಮಾರೋದು ₹90ಕ್ಕೆ, ಉಳಿಯೋದು ₹5. ಅಂದ್ರೆ ಮೊದಲಿನಷ್ಟೇ ಲಾಭ ಬೇಕಾದ್ರೆ ಆ ಗಿರಾಕಿಗೆ ಮೂರು ಪಟ್ಟು ಸಾಮಾನು ಮಾರಬೇಕು. ಮೇಷ್ಟ್ರು ಮೂರು ಪಟ್ಟು ತಿಂತಾರಾ? ಅವರು ಶನಿವಾರ ತರ್ತಿದ್ದನ್ನೇ ಬುಧವಾರ ತಂದ್ರು ಅಷ್ಟೇ. ರಿಯಾಯಿತಿ ಪೂರ್ತಿ ಹೋದದ್ದು, ಅದಿಲ್ಲದಿದ್ರೂ ಕೊಳ್ತಿದ್ದವರಿಗೆ. ತಾತ ಬರಲಿಲ್ಲ, ಹೂವಿನ ಅಮ್ಮನಿಗೆ ಸಿಗಲಿಲ್ಲ, ಅಜ್ಜಿಗೆ ಬೇಕಾದ್ದು ರಿಯಾಯಿತಿಯೇ ಅಲ್ಲ.

ಇದು ಗೊತ್ತಾಗೋಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಬುಧವಾರದ ಬಿಲ್ ಏರಿದಷ್ಟೇ ಬೇರೆ ದಿನದ ಬಿಲ್ ಇಳಿದಿದ್ರೆ ಹೊಸ ವ್ಯಾಪಾರ ಆಗಿಲ್ಲ, ಹಳೇ ವ್ಯಾಪಾರ ದಿನ ಬದಲಾಯಿಸಿದೆ. ನಮ್ಮ ಪಿಪಿಟೀಲಿ ನಾವು ಬುಧವಾರದ ಬಾರ್ ಮಾತ್ರ ತೋರಿಸಿದ್ವಿ. ಎಷ್ಟು ಚೆನ್ನಾಗಿ ಮೇಲೆ ಹೋಗಿತ್ತು ಗೊತ್ತಾ!

5/6
ಕಾಮೆಂಟಲ್ಲಿ ಬರೋ ವಾದ ಗೊತ್ತು. "ಸರ್ಕಾರವೇ ವಯಸ್ಸು ನೋಡಲ್ವಾ?" ನೋಡುತ್ತೆ. ಆಯುಷ್ಮಾನ್ ಕಾರ್ಡಿಗೆ 70 ಆದ್ರೆ ಆದಾಯ ಕೇಳಲ್ಲ. ಅದು ಹಕ್ಕು, ಆಧಾರ್ ತೋರಿಸಿದ್ರೆ ಜಗಳ ಮುಗೀಬೇಕು, ಅಲ್ಲಿ ವಯಸ್ಸು ಸರಿ. ಆದ್ರೂ ಬಸ್ಸಿನ ಕಥೆ ನೋಡಿ: ಕೆಎಸ್‌ಆರ್‌ಟಿಸಿಲಿ 60 ದಾಟಿದವರಿಗೆ 25% ರಿಯಾಯಿತಿ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಲ್ಲಿ ಹೂವಿನ ಅಮ್ಮನಿಗೆ ಆ 25% ಬೇಕಾಗಿಯೇ ಇಲ್ಲ, ತಾತನಿಗೆ ಬೇಕು. ಒಂದೇ ವಯಸ್ಸು, ಒಂದೇ ಬಸ್ಸು, ಆ ರಿಯಾಯಿತಿಯ ಬೆಲೆ ಒಬ್ಬರಿಗೆ ಸೊನ್ನೆ.

ಇನ್ನೊಂದು ವಾದ, "ನಾಲ್ಕು ಜನರನ್ನ ನೋಡಿ ಹೇಳ್ತೀಯಾ?" ಹೌದು, ಇದು ಸರ್ವೆ ಅಲ್ಲ. ಯಾರು ಎಷ್ಟು ಪಾಲು ಇದ್ದಾರೆ ಅಂತ ನನ್ನ ನಾಲ್ಕು ಕೈ ಹೇಳಲ್ಲ. ಒಂದು ಖಾನೆ ಒಡೆದಿದೆ ಅಂತ ತೋರಿಸೋಕೆ ನಾಲ್ಕು ಸಾಕು. ಇದೇನು ನಾನು ಕಂಡುಹಿಡಿದದ್ದೂ ಅಲ್ಲ. ಅಮೆರಿಕದ ಜಾರ್ಜ್ ಮಾಸ್ಕಿಸ್ ಅನ್ನೋ ಪ್ರೊಫೆಸರ್ ದಶಕಗಳ ಹಿಂದೆಯೇ ಹಿರಿಯ ಗ್ರಾಹಕರನ್ನ ವಯಸ್ಸಿನ ಬದಲು ಆರೋಗ್ಯ ಹೇಗಿದೆ, ಹೊರಗೆ ಜನರ ಜೊತೆ ಬೆರೀತಾರಾ ಅನ್ನೋದರ ಮೇಲೆ ನಾಲ್ಕು ಗುಂಪು ಮಾಡಿದ್ರು. ಕಾಯಿಲೆ ಇದ್ದೂ ಊರೆಲ್ಲಾ ಸುತ್ತೋರು ಒಂದು ಗುಂಪು, ಗಟ್ಟಿಮುಟ್ಟಾಗಿದ್ದೂ ಮನೇಲೇ ಇರೋರು ಇನ್ನೊಂದು. ಅವರ ಗುಂಪು ಕೂಡ ಹಾಸನಕ್ಕೆ ಹಾಗೇ ಕೂರಲ್ಲ. ಕೊಬ್ಬರಿ ದುಡ್ಡಿನ ಖಾನೆ ಅದರಲ್ಲಿಲ್ಲ.

6/6
ಹಾಗಾದ್ರೆ ಏನು ಕೇಳಬೇಕು? ಅಂಗಡಿಯವರ ಹತ್ರ ಮತ್ತೆ ಹೋಗಿ ಕೂತು ಮೂರು ಪ್ರಶ್ನೆ ಇಟ್ಕೊಂಡ್ವಿ. ದುಡ್ಡು ಯಾವಾಗ ಬರುತ್ತೆ, ದಿನಾ, ತಿಂಗಳಿಗೋ, ಫಸಲಿಗೋ? ಅಂಗಡಿಗೆ ಬರೋದು ಯಾರು? ತಗೊಂಡ ಮೇಲೆ ಮನೇಲಿ ಏನು ಕಷ್ಟ: ಹೊರೋದಾ, ತೆಗೆಯೋದಾ, ಅಕ್ಷರ ಓದೋದಾ, ಅಗಿಯೋದಾ? ಕಾಯಿಲೆ ಹೆಸರು ಕೇಳೋದೇ ಬೇಡ, ಅದು ಅಂಗಡಿಯವರ ಕೆಲಸ ಅಲ್ಲ. ಮೊದಲ ಎರಡಕ್ಕೆ ಉತ್ತರ ಹಳೇ ಬಿಲ್ಲಲ್ಲೇ ಅರ್ಧ ಇರುತ್ತೆ. ಮೂರನೆಯದನ್ನ ಮಾತ್ರ ಬಾಯಿಬಿಟ್ಟು ಕೇಳಬೇಕು.

ಈಗ "ಹಿರಿಯರ ಬುಧವಾರ" ಬೋರ್ಡ್ ಇಳಿಸಿದ್ದಾರೆ. ಬದಲಿಗೆ ಯಾವ ವಯಸ್ಸಿನವರಾದ್ರೂ ಫೋನ್ ಮಾಡಿದ್ರೆ ಮನೆಗೆ ಸಾಮಾನು, ಡಬ್ಬದ ಸೀಲ್ ಅಲ್ಲೇ ಒಡೆದು ಮುಚ್ಚಳ ಸಡಿಲ ಮಾಡಿ ಕೊಡ್ತಾರೆ. ಸಣ್ಣ ಪ್ಯಾಕೆಟ್ ದಿನಾ ತಗೊಳ್ಳೋರಿಗೆ ಒಂದು ಚೀಟಿ ಬರೆದು, ತಿಂಗಳ ಒಟ್ಟು ₹1,000 ಆದಾಗ ಅಷ್ಟರ ಮೇಲೆ 3% ವಾಪಸ್. ಹೂವಿನ ಅಮ್ಮನ ಚೀಟೀಲಿ ನಿನ್ನೆ ₹640 ಇತ್ತು. ಪ್ರೋಟೀನ್ ಪುಡಿ ಹತ್ರ ನಾನೇ ಕೈಯಲ್ಲಿ ಬರೆದು ಅಂಟಿಸಿದ್ದೀನಿ: "ಕಿಡ್ನಿ, ಶುಗರ್ ತೊಂದರೆ ಇದ್ರೆ ಡಾಕ್ಟರನ್ನ ಕೇಳಿ ತಗೊಳ್ಳಿ". ಅಕ್ಷರ ದೊಡ್ಡದಾಗಿದೆ, ಕನ್ನಡಕ ಇಲ್ದೆ ಮೇಷ್ಟ್ರು ಓದಿ ತೋರಿಸಿದ್ರು.

ನಿಮ್ಮನೇಲಿ 60 ದಾಟಿದವರ ಕೈಗೆ ದುಡ್ಡು ಬರೋದು ಯಾವಾಗ, ಅಂಗಡಿಗೆ ಹೋಗೋದು ಯಾರು? ಇವತ್ತು ಕೇಳಿ ಕೆಳಗೆ ಬರೀರಿ. ಹೆಸರು ಬೇಡ.