ದೂರಿಗೂ ಒಂದು ಕ್ರಮವಿದೆ

ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದಿರೆಂಬ ನೆಪವೊಡ್ಡಿ ವಿಮಾ ಕಂಪೆನಿಯೊಂದು ಆಸ್ಪತ್ರೆಯ ವೆಚ್ಚ ನಿರಾಕರಿಸಿತೆನ್ನಿ. ಹಲವರು ಫೋನಿನಲ್ಲಿ ವಾದಿಸಿ ಸುಮ್ಮನಾಗುತ್ತಾರೆ. ಆದರೆ ಆ ಮಾತುಗಳು ಲಿಖಿತ ದೂರಿಗೆ ಸಮನಾಗವು. ಮೊದಲು ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಸ್ವೀಕೃತಿ ಪಡೆಯಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮರ್ಪಕವಲ್ಲದಿದ್ದರೆ, ಮುಂದಿನ ಒಂದು ವರ್ಷದೊಳಗೆ ರಾಜ್ಯದ ಪಾಲಿಸಿದಾರರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಮೊರೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅವರ ತೀರ್ಪಿಗೆ ಕಂಪೆನಿ ಬದ್ಧವಾಗಿರಬೇಕು. ಅದು ದೂರುದಾರನಿಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ಉಳಿದೇ ಇರುತ್ತದೆ. ಆದರೆ ಮೊದಲೇ ಆಯೋಗದ ಮೆಟ್ಟಿಲೇರಿದವರ ದೂರನ್ನು ಒಂಬುಡ್ಸ್‌ಮನ್ ಸ್ವೀಕರಿಸುವುದಿಲ್ಲ. ಆಯೋಗಕ್ಕೂ 2019ರ ಕಾಯ್ದೆಯಂತೆ ಎರಡು ವರ್ಷಗಳ ಗಡುವಿದೆ. ಆದ್ದರಿಂದ ನಿರಾಕರಣೆಯ ಪತ್ರವನ್ನು ಹರಿದೆಸೆಯದಿರಿ. ಅದರ ಮೇಲಿನ ದಿನಾಂಕವೇ ನಿಮ್ಮ ಹಕ್ಕಿನ ಆಯುಷ್ಯವನ್ನು ತಿಳಿಸುತ್ತದೆ.