ಕರಾರು ಪತ್ರದ ‘ಅವನು’

ಅಂಗಡಿ ಮಳಿಗೆ ಬಾಡಿಗೆಗೆ ಹಿಡಿಯುವವರಲ್ಲಿ ಹೆಂಗಸರು ಉಂಟು. ಗಿರಣಿಯ ಹಾಜರಿ ಪುಸ್ತಕದಲ್ಲೂ ಅವರ ಹೆಸರುಂಟು. ಹಳೆಯ ಪತ್ರದ ನಮೂನೆ ಮಾತ್ರ ‘ಬಾಡಿಗೆದಾರನು’, ‘ಅವನು’, ‘ಕೊಡುವನು’ ಎಂದೇ ಹಾಡುತ್ತದೆ. ಕೇಳಿದರೆ, “ಪುಲ್ಲಿಂಗದೊಳಗೆ ಸ್ತ್ರೀಲಿಂಗವೂ ಸೇರಿತು, ಕಾನೂನೇ ಹಾಗೆ ಹೇಳಿದೆ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹೇಳಿರುವುದು ನಿಜ. 1897ರ ಜನರಲ್ ಕ್ಲಾಸಸ್ ಕಾಯಿದೆಯ 13ನೇ ಕಲಮು ಪುಲ್ಲಿಂಗದ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎನ್ನುತ್ತದೆ. ಆದರೆ ಆ ಕಲಮು ಇರುವುದು ಕಾಯಿದೆಗಳನ್ನು ಓದುವುದಕ್ಕೆ, ನಾವು ನೀವು ಬರೆದುಕೊಳ್ಳುವ ಕರಾರಿಗಲ್ಲ. ಜೊತೆಗೆ ಅದಕ್ಕೊಂದು ಬಾಲವಿದೆ: ವಿಷಯಕ್ಕಾಗಲಿ ಸಂದರ್ಭಕ್ಕಾಗಲಿ ವಿರುದ್ಧವಾಗದಿದ್ದಲ್ಲಿ ಮಾತ್ರ. ಈ ಬಾಲದ ಬಲವೆಷ್ಟೆಂಬುದನ್ನು ರೆಜಿನಾ ಗುಹ ಎಂಬ ಕಾನೂನು ಪದವೀಧರೆ ಕಂಡುಕೊಂಡರು. 1916ರಲ್ಲಿ ಅವರು ವಕೀಲಿ ಮಾಡಲು ಅನುಮತಿ ಬೇಡಿದಾಗ ಕಲ್ಕತ್ತಾ ಹೈಕೋರ್ಟು ನಿರಾಕರಿಸಿತು. ವಕೀಲರ ಕಾಯಿದೆಯಲ್ಲಿನ ಪುಲ್ಲಿಂಗದೊಳಗೆ ಹೆಂಗಸಿಗೆ ಸ್ಥಳ ಸಿಗಲಿಲ್ಲ. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಇದೇ ಗತಿ. ಕೊನೆಗೆ 1923ರಲ್ಲಿ ಬೇರೆ ಕಾಯಿದೆಯನ್ನೇ ತರಬೇಕಾಯಿತು. ‘ಸೇರಿತು’ ಎಂದು ನಂಬಿ ಕೂತವರಿಗೆ ಏಳು ವರ್ಷ ಬಾಗಿಲು ಮುಚ್ಚಿತ್ತು.

ಹಾಗಾದರೆ ‘ಅವನು’ ಇರುವಲ್ಲೆಲ್ಲ ‘ಅವರು’ ಎಂದು ತಿದ್ದಿಬಿಟ್ಟರಾಯಿತೆ? ಆಗದು. ಎಡವುವುದು ಇಲ್ಲಿಯೇ.

ಮಾಲೀಕ ಗಂಡಸು, ಬಾಡಿಗೆದಾರಳು ಹೆಂಗಸು ಎಂದಿಟ್ಟುಕೊಳ್ಳಿ. “ಬಾಡಿಗೆದಾರಳು ಮಾಲೀಕನಿಗೆ ತಿಳಿಸಿ ಅವನ ಖರ್ಚಿನಲ್ಲಿ ದುರಸ್ತಿ ಮಾಡಿಸುವಳು” ಎಂದರೆ ಖರ್ಚು ಮಾಲೀಕನದೆಂದು ಸ್ಪಷ್ಟ. ಅದನ್ನೇ “ಬಾಡಿಗೆದಾರರು ಮಾಲೀಕರಿಗೆ ತಿಳಿಸಿ ಅವರ ಖರ್ಚಿನಲ್ಲಿ ಮಾಡಿಸುವರು” ಎಂದು ತಿದ್ದಿದರೆ ಯಾರ ಖರ್ಚು? ಮಳೆಗಾಲದಲ್ಲಿ ಸೂರು ಸೋರಿದ ದಿನ ಇದು ವ್ಯಾಕರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಪರಿಹಾರ ಸುಲಭ: ಸರ್ವನಾಮವನ್ನು ಬಿಟ್ಟು ಹೆಸರನ್ನೇ ಮತ್ತೆ ಬರೆಯಿರಿ, “ಮಾಲೀಕರ ಖರ್ಚಿನಲ್ಲಿ” ಎಂದು. ಖರ್ಚು ಬಾಡಿಗೆದಾರರದಾದರೆ “ತಮ್ಮ ಸ್ವಂತ ಖರ್ಚಿನಲ್ಲಿ” ಎನ್ನಿ. ‘ತಮ್ಮ’ ಎಂಬುದು ವಾಕ್ಯದ ಕರ್ತೃವಿಗೇ ಅಂಟಿಕೊಳ್ಳುತ್ತದೆ, ಲಿಂಗವನ್ನು ಕೇಳುವುದಿಲ್ಲ.

ಕ್ರಿಯಾಪದದಲ್ಲೂ ಲಿಂಗವಿದೆ. ‘ಕೊಡುವನು’ ಎಂಬುದಕ್ಕೆ ನಮ್ಮ ಕಚೇರಿ ಕನ್ನಡದಲ್ಲಿ ಬಹು ಹಿಂದಿನಿಂದ ಒಳ್ಳೆಯ ಬದಲಿಯಿದೆ: ‘ಕೊಡತಕ್ಕದ್ದು’. ಗಂಡು ಹೆಣ್ಣೆಂಬ ಗೋಜಿಲ್ಲ, ಕಡ್ಡಾಯವೆಂಬ ಅರ್ಥವೂ ಗಟ್ಟಿ. ಲಿಂಗ ತಪ್ಪಿಸುವ ಅವಸರದಲ್ಲಿ ‘ಕೊಡಬಹುದು’ ಎಂದು ಬರೆದರೆ ಮಾತ್ರ ಕರ್ತವ್ಯ ಹೋಗಿ ಇಚ್ಛೆ ಬಂದಂತಾಯಿತು.

ಇನ್ನು ‘ಬಾಡಿಗೆದಾರರು’ ಎಂಬ ಬಹುವಚನ. ಅಣ್ಣ ತಂಗಿ ಇಬ್ಬರೂ ಕೂಡಿ ಒಂದು ಮಳಿಗೆ ಹಿಡಿದಿದ್ದಾರೆ. ಪತ್ರದಲ್ಲಿ “ಬಾಡಿಗೆದಾರರು ತೀರಿಕೊಂಡಲ್ಲಿ ಕರಾರು ಮುಗಿಯತಕ್ಕದ್ದು” ಎಂದಿದೆ. ಅಣ್ಣ ತೀರಿಕೊಂಡರೆ ತಂಗಿ ಅಂಗಡಿ ಖಾಲಿ ಮಾಡಬೇಕೆ? ಗೌರವಕ್ಕೆ ಬರೆದ ‘ರು’ ಲೆಕ್ಕದ ‘ರು’ ಆಗಿ ಕೂತಿತು. “ಬಾಡಿಗೆದಾರರ ಪೈಕಿ ಯಾರೊಬ್ಬರು ತೀರಿಕೊಂಡರೂ” ಎಂದೋ “ಎಲ್ಲರೂ ತೀರಿಕೊಂಡ ನಂತರ” ಎಂದೋ ಬಿಡಿಸಿ ಬರೆಯಲೇಬೇಕು. ತಿದ್ದಿದ ಮೇಲೆ ಪತ್ರವನ್ನು ಎರಡು ಸಲ ಓದಿ ನೋಡಿ: ಎರಡೂ ಕಡೆಯವರು ಹೆಂಗಸರೆಂದುಕೊಂಡು ಒಮ್ಮೆ, ಬಾಡಿಗೆದಾರರು ಇಬ್ಬರೆಂದುಕೊಂಡು ಇನ್ನೊಮ್ಮೆ. ಅರ್ಥ ಎಲ್ಲಿ ಅಲುಗುತ್ತದೋ ಅಲ್ಲಿ ಸರ್ವನಾಮದ ಬದಲು ಹೆಸರನ್ನು ಹಾಕಿ.

ದೊಡ್ಡವರೂ ಈ ಕೆಲಸವನ್ನು ಪೂರ್ತಿ ಮುಗಿಸಿಲ್ಲ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಇಂಗ್ಲಿಷ್ ಪಠ್ಯ ಪುಲ್ಲಿಂಗದ ಸರ್ವನಾಮವನ್ನು ಹಾಗೆಯೇ ಉಳಿಸಿಕೊಂಡು, ಅದರೊಳಗೆ ಗಂಡು, ಹೆಣ್ಣು, ಲಿಂಗಾಂತರಿ ಎಲ್ಲರೂ ಸೇರಿದರು ಎಂದು ವ್ಯಾಖ್ಯೆ ಕೊಟ್ಟಿದೆ. ಮನೆ ಹಳೆಯದೇ, ಬಾಗಿಲಿಗೆ ಹೊಸ ಬೋರ್ಡು.

ಗಿರಣಿ ಕೆಲಸಗಾರರು ಗಮನಿಸಬೇಕಾದ ಒಂದು ಮಾತಿದೆ. ಅಪಘಾತ ಪರಿಹಾರದ 1923ರ ಕಾಯಿದೆಯಲ್ಲಿ ‘ವರ್ಕ್‌ಮನ್’ ಎಂದಿದ್ದುದನ್ನು 2009ರಲ್ಲಿ ‘ಎಂಪ್ಲಾಯೀ’ ಎಂದು ಬದಲಿಸಿದರು. ಹೆಸರು ಸರಿಯಾಯಿತು. ಆದರೆ ಅವಲಂಬಿತರ ಪಟ್ಟಿಯಲ್ಲಿ, ಸತ್ತವನ ವಿಧವೆ ತಾನಾಗಿಯೇ ಅವಲಂಬಿತಳು. ಸತ್ತವಳ ಗಂಡನಾದರೋ ಆಕೆಯ ಗಳಿಕೆಯನ್ನು ಪೂರ್ತಿಯಾಗಿಯೋ ಭಾಗಶಃವೋ ಅವಲಂಬಿಸಿದ್ದನೆಂದು ತೋರಿಸಬೇಕಿತ್ತು. ಅಲ್ಲಿ ‘ವಿಧವೆ’ ಎಂಬುದನ್ನು ಅಳಿಸಿ ‘ಬಾಳಸಂಗಾತಿ’ ಎಂದು ಬರೆದಿದ್ದರೆ ಪದದ ಜೊತೆಗೆ ಹಣ ಯಾರ ಕೈಸೇರಬೇಕೆಂಬುದೇ ಬದಲಾಗುತ್ತಿತ್ತು. ಅಂಥ ಬದಲಾವಣೆ ಬೇಕೆನ್ನುವವರು ಅದನ್ನು ಶಾಸನಸಭೆಯಲ್ಲಿ ಕೇಳಬೇಕು. ಪತ್ರ ಬರಹಗಾರರ ಲೇಖನಿಯಿಂದ ಅದು ಆಗತಕ್ಕದ್ದಲ್ಲ.