ಅಜ್ಜಿಯ ಮಿಷಿನ್ ಕೆಟ್ಟಿರಲಿಲ್ಲ

ಹೋದ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಕಿವಿ ಮಿಷಿನ್ ಮನೇಲಿ ಇರಲಿಲ್ಲ. ಕುಯ್ ಅಂತ ಸಿಳ್ಳೆ ಹೊಡೀತಿದೆ ಅಂತ ಸರ್ವಿಸ್‌ಗೆ ಕೊಟ್ಟು 12 ದಿನ ಆಗಿತ್ತು. ಅಷ್ಟೂ ದಿನ ಅಜ್ಜಿ ಯಾರು ಏನೇ ಕೇಳಿದ್ರೂ ಸುಮ್ನೆ ತಲೆ ಆಡಿಸ್ತಿದ್ರು. ಕೊನೆಗೆ ಅಂಗಡಿಯವರು ಬದಲಾಯಿಸಿದ್ದು ಒಂದು ಪ್ಲಾಸ್ಟಿಕ್ ಟ್ಯೂಬ್ ಮಾತ್ರ!

ನನ್ನ ಅಭಿಪ್ರಾಯ ಇಷ್ಟೇ: ಮಿಷಿನ್ ಮಾರುವಾಗಲೇ ಅಂಗಡಿಯವರು ಮನೆಯವರ ಕೈಲಿ ಈ ಪರೀಕ್ಷೆಗಳನ್ನ ಒಮ್ಮೆ ಮಾಡಿಸಬೇಕು.

ಸಿಳ್ಳೆ ಯಾಕೆ ಬರುತ್ತೆ? ನಮ್ಮ ಆಡಿಟೋರಿಯಂನಲ್ಲಿ ಸ್ಪೀಕರ್ ಮುಂದೆ ಮೈಕ್ ಹಿಡಿದರೆ ಆಗೋದೇ ಇಲ್ಲೂ ಆಗುತ್ತೆ. ಕಿವಿಯೊಳಗೆ ಹೋಗಬೇಕಾದ ಶಬ್ದ ಹೊರಗೆ ಸೋರಿ ಮತ್ತೆ ಮೈಕ್ ಸೇರುತ್ತೆ. ಹಾಗಾದ್ರೆ ಎಲ್ಲಿ ಸೋರ್ತಿದೆ ಅಂತ ಹುಡುಕಿದ್ರೆ ಸಾಕು.

ಅಜ್ಜಿಯದು ಕಿವಿ ಹಿಂದೆ ಕೂರೋ ಮಿಷಿನ್. ಅದರಿಂದ ಟ್ಯೂಬ್ ಹೊರಟು ಕಿವಿಯ ಅಚ್ಚಿಗೆ ಸೇರುತ್ತೆ. ಒಂದು ತಿಂಗಳಾದ ಮೇಲೆ ಮತ್ತೆ ಸಿಳ್ಳೆ ಶುರುವಾದಾಗ ಅತ್ತೆಗೆ ಫೋನಲ್ಲೇ ಹೇಳಿದೆ: "ಮಿಷಿನ್ ಆನ್ ಇಟ್ಟು, ಕಿವಿಯಿಂದ ತೆಗೆದು, ಅಚ್ಚಿನ ತೂತನ್ನ ಬೆರಳಿಂದ ಗಟ್ಟಿಯಾಗಿ ಮುಚ್ಚಿ ನೋಡಿ ಅತ್ತೆ." ಸಿಳ್ಳೆ ನಿಂತಿತು. ಅಂದ್ರೆ ಮಿಷಿನ್, ಟ್ಯೂಬ್ ಎರಡೂ ಸರಿ ಇವೆ, ಸೋರಿಕೆ ಕಿವಿಯ ಹತ್ತಿರ. ಅಚ್ಚನ್ನ ಸರಿಯಾಗಿ ಕೂರಿಸಿದರೂ ಹೋಗದಿದ್ದಾಗ ಇಎನ್‌ಟಿ ಡಾಕ್ಟರಿಗೆ ತೋರಿಸಿದ್ರು. ಕಿವಿ ತುಂಬ ಗುಗ್ಗೆ! ಅದನ್ನ ತೆಗೆದ ಮೇಲೆ ಸಿಳ್ಳೆ ಹೋಯ್ತು. ಒಂದು ವೇಳೆ ತೂತು ಮುಚ್ಚಿದರೂ ಸಿಳ್ಳೆ ನಿಲ್ಲದಿದ್ದರೆ ಟ್ಯೂಬ್ ನೋಡಬೇಕಿತ್ತು. ಟ್ಯೂಬ್ ದಿನ ಕಳೆದಂತೆ ಹಳದಿಯಾಗಿ, ಬಿರುಸಾಗಿ, ಬಗ್ಗೋ ಜಾಗದಲ್ಲಿ ಬಿರುಕು ಬಿಡುತ್ತೆ.

ಶಬ್ದ ಸಣ್ಣಗಾದರೆ ಕಥೆ ಬೇರೆ, ಅಲ್ಲಿ ಸಾಮಾನ್ಯವಾಗಿ ಏನೋ ಅಡ್ಡ ಕೂತಿರುತ್ತೆ. ಮೊದಲು ಹೊಸ ಬ್ಯಾಟರಿ ಹಾಕಿ. ಆಮೇಲೆ ಟ್ಯೂಬಲ್ಲಿ ನೀರಿನ ಹನಿ, ಅಚ್ಚಿನ ತೂತಲ್ಲಿ ಗುಗ್ಗೆ ಇದೆಯಾ ನೋಡಿ. ಅಚ್ಚನ್ನ ಟ್ಯೂಬ್ ಸಮೇತ ಮಿಷಿನ್‌ನಿಂದ ಬಿಡಿಸಿ, ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ರಾತ್ರಿಯಿಡೀ ಒಣಗಿಸಬಹುದು. ಮಿಷಿನ್‌ಗೆ ಮಾತ್ರ ನೀರು ತಾಗಬಾರದು.

ಎದುರು ಮನೆ ಅಂಕಲ್‌ದು ಸ್ಪೀಕರ್ ಕಿವಿಯೊಳಗೇ ಕೂರೋ ಮಾಡೆಲ್, ಅದನ್ನ ತೊಳೆಯೋ ಹಾಗಿಲ್ಲ. ಅದರ ತುದಿಯಲ್ಲಿ ವ್ಯಾಕ್ಸ್ ಗಾರ್ಡ್ ಅನ್ನೋ ಪುಟ್ಟ ಜರಡಿ ಇರುತ್ತೆ. ಅದನ್ನ ಪಿನ್ನಿಂದ ಚುಚ್ಚಿದರೆ ಗುಗ್ಗೆ ಒಳಗೆ ಹೋಗಿ ಸ್ಪೀಕರೇ ಹಾಳಾಗಬಹುದು, ಅದಕ್ಕೇ ಬದಲಾಯಿಸಬೇಕು. ಜೊತೆಗೆ ಕೊಡೋ ಕಡ್ಡಿಯ ಖಾಲಿ ತುದಿಯನ್ನ ಒತ್ತಿ ನೇರ ಎಳೆದರೆ ಹಳೇದು ಬರುತ್ತೆ. ಕಡ್ಡಿ ತಿರುಗಿಸಿ ಇನ್ನೊಂದು ತುದಿ ಒತ್ತಿದರೆ ಹೊಸದು ಅಲ್ಲೇ ಕೂರುತ್ತೆ. ಆದರೆ ಅದು ಆ ಮಾಡೆಲ್‌ದೇ ಗಾರ್ಡ್ ಆಗಿರಬೇಕು.

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ ಆಗ ಸರ್ವಿಸ್‌ಗೆ ಕೊಡಿ. ಮಿಷಿನ್ ಸರಿ ಇದೆ ಅಂತ ವಾಪಸ್ ಬಂದು, ಆಮೇಲೂ ಕೇಳಿಸದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ, ಕಿವಿಯ ಶಕ್ತಿಯೇ ಇನ್ನಷ್ಟು ಕಡಿಮೆಯಾಗಿರಬಹುದು. ನಮ್ಮನೇಲಿ ಈ ಸಲ ಅಜ್ಜಿ ಮಿಷಿನ್ ಇಲ್ಲದೆ ಇದ್ದಿದ್ದು ಒಂದು ಬೆಳಗ್ಗೆ ಮಾತ್ರ.